ಚಿಂತೆಯ ಇನ್ನೊಂದು ತುದಿ

ನಮ್ಮ ಚರ್ಚಿನ ಸಭಾಪಾಲಕರನ್ನು ಒಳ್ಳೆಯ ಪ್ರಸಂಗಿಗಳೆಂದು ಕರೆಯುವವರು ಬಹಳ ಮಂದಿ. ಅವರ ಧ್ವನಿ ಗಂಭೀರ, ಮಾತು ಸರಳ, ಶಾಸ್ತ್ರಜ್ಞಾನ ಆಳವಾದದ್ದು. ಆದರೆ ಪ್ರಸಂಗವೆಂಬ ಈ ಉಪದೇಶದ ಕ್ಷೇತ್ರದಲ್ಲಿ ಅವರ ಸ್ಥಾನವನ್ನು ಗುರುತಿಸಬೇಕಾದದ್ದು ಇವುಗಳಿಂದಲ್ಲ. ಪೀಠದ ಮೇಲೆ ನಿಂತು ಆಡಿದ ಮಾತು ಕೆಳಗೆ ಕುಳಿತವರ ಮನೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ನೋವಿನಿಂದ ಕಲಿತು, ಕಲಿತದ್ದನ್ನು ಕೊನೆಯವರೆಗೂ ಬಿಡದೆ ನಡೆಸಿಕೊಂಡು ಬಂದವರು ಅವರು. ಅವರ ನಿವೃತ್ತಿಯ ಈ ಅಭಿನಂದನ ಗ್ರಂಥದಲ್ಲಿ ದಾಖಲಾಗಬೇಕಾದದ್ದು ಆ ಕಲಿಕೆಯೇ.

ಅವರು ಈ ಸಭೆಗೆ ಬಂದಾಗ ಬಾಟಲಿ ಕಾರ್ಖಾನೆಯ ಕುಲುಮೆಗಳೆಲ್ಲ ಉರಿಯುತ್ತಿದ್ದವು. ಆರಾಧನೆಗೆ ಬರುವ ಗಂಡಸರಲ್ಲಿ ಅರ್ಧದಷ್ಟು ಜನ ಅಲ್ಲಿಯ ಕೆಲಸಗಾರರು. ಸೋಮವಾರದಂದು ಮುಂದಿನ ಭಾನುವಾರದ ಬೈಬಲ್ ಪಾಠವನ್ನು ಓದಿಕೊಳ್ಳುವುದು, ವಾರದ ನಡುವೆ ಮನೆಮನೆಗೆ ಹೋಗಿ ಜನರ ಮಾತು ಕೇಳುವುದು, ಶುಕ್ರವಾರ ಬರೆದು ಮುಗಿಸುವುದು, ಶನಿವಾರ ಖಾಲಿ ದೇವಾಲಯದಲ್ಲಿ ನಿಂತು ಗಟ್ಟಿಯಾಗಿ ಓದಿ ಬೇಡವಾದದ್ದನ್ನು ಹೊಡೆದುಹಾಕುವುದು ಅವರ ಕ್ರಮವಾಗಿತ್ತು. ಕೊನೆಯ ಬೆಂಚಿನಲ್ಲಿ ಕೂರುವ ಕಿವಿ ಮಂದವಾದ ಅಜ್ಜಿಯೊಬ್ಬರಿಗಾಗಿ ಅವರು ಪ್ರತಿ ವಾಕ್ಯದ ಕೊನೆಯ ಪದವನ್ನು ನುಂಗದೆ ಹೇಳುವುದನ್ನು ರೂಢಿಸಿಕೊಂಡರು. ಅಜ್ಜಿ ತೀರಿಹೋಗಿ ವರ್ಷಗಳಾದರೂ ಆ ರೂಢಿ ಹೋಗಲಿಲ್ಲ.

ಇಂಧನದ ಬೆಲೆ ಏರಿದ ವರ್ಷ ಕಾರ್ಖಾನೆಯವರು ದೊಡ್ಡ ಕುಲುಮೆಯನ್ನು ಆರಿಸಿದರು. ಗಾಜಿನ ಕುಲುಮೆ ಒಲೆಯಂತಲ್ಲ. ಒಮ್ಮೆ ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ, ಮತ್ತೆ ಹೊತ್ತಿಸಬೇಕಾದರೆ ಹೊಸದಾಗಿ ಕಟ್ಟಬೇಕು. ಹೀಗಾಗಿ ಅದು ಆರಿತೆಂದರೆ ಕೆಲಸ ಮರಳಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕೆಲವರನ್ನು ಉಳಿದ ಕುಲುಮೆಗಳಿಗೆ ಹಾಕಿಕೊಂಡರು, ಹಲವರನ್ನು ಬಿಟ್ಟರು. ಯಾರು ಒಳಗೆ, ಯಾರು ಹೊರಗೆ ಎಂದು ಊರಿಗೆ ಸರಿಯಾಗಿ ತಿಳಿಯಲೇ ಇಲ್ಲ. ಹಾಲು, ಗ್ಯಾಸು, ಮಕ್ಕಳ ಫೀಸು, ಬಾಡಿಗೆ ಎಲ್ಲವೂ ಅದೇ ಸಮಯಕ್ಕೆ ಏರಿದವು. ಮಾತ್ರೆಯನ್ನು ಅರ್ಧ ಮಾಡಿ ನುಂಗುವವರು, ಅಂಗಡಿಯ ಮುಂದೆ ನಿಂತು ಏನೋ ಮರೆತವರಂತೆ ಹಿಂದಿರುಗುವವರು ಸಭಾಪಾಲಕರ ಕಣ್ಣಿಗೆ ಬೀಳತೊಡಗಿದರು.

ಆಗ ಅವರಲ್ಲಿಗೆ ಬಂದವನು ಕುಲುಮೆಯ ಮೇಸ್ತ್ರಿ. ಕೆಲಸ ಹೋಗಿ ಎರಡು ತಿಂಗಳಾಗಿದ್ದರೂ ಅವನು ಹೆಂಡತಿಗೆ ಹೇಳಿರಲಿಲ್ಲ. ದಿನವೂ ಊಟದ ಡಬ್ಬಿ ಹಿಡಿದು ಹೊರಟು, ವಾಚನಾಲಯದಲ್ಲಿ ಕೂತು, ಸಂಜೆ ಮನೆ ಸೇರುತ್ತಿದ್ದ. ಕೆಲಸದಿಂದ ಬಿಡುವಾಗ ಕೈಗೆ ಬಂದ ಕೊನೆಯ ಹಣವನ್ನೇ ತಿಂಗಳ ಸಂಬಳದಂತೆ ಅವಳ ಕೈಗೆ ಕೊಡುತ್ತಿದ್ದ. "ಅವಳಿಗೆ ಬಿ.ಪಿ. ಇದೆ ಅಯ್ಯನವರೇ, ಈಗಲೇ ಹೇಳಿದ್ರೆ ತಡ್ಕೊಳ್ಳಲ್ಲ. ಇನ್ನೊಂದು ಕೆಲಸ ಸಿಗಲಿ, ಎರಡನ್ನೂ ಒಟ್ಟಿಗೇ ಹೇಳ್ತೀನಿ" ಎಂದಿದ್ದ.

ಮುಂದಿನ ಭಾನುವಾರದ ಪಾಠ ಚಿಂತೆಯ ಕುರಿತದ್ದೇ ಆಗಿತ್ತು: ಬಿತ್ತದ, ಕೊಯ್ಯದ ಆಕಾಶದ ಹಕ್ಕಿಗಳನ್ನು ನೋಡಿ, ಚಿಂತೆ ಮಾಡಬೇಡಿ ಎಂಬ ಭಾಗ. ಪ್ರಸಂಗಿಗಳಲ್ಲಿ ಒಂದು ಪದ್ಧತಿಯಿದೆ. ಜೀವನದಿಂದ ಒಂದು ಉದಾಹರಣೆ ತೆಗೆದುಕೊಳ್ಳುವಾಗ ಆ ವ್ಯಕ್ತಿ ಗುರುತು ಸಿಗದಂತೆ ಊರು, ಕಸುಬು, ವಯಸ್ಸನ್ನು ಬದಲಾಯಿಸುತ್ತಾರೆ. ಸಭಾಪಾಲಕರೂ ಹಾಗೆಯೇ ಮಾಡಿದರು. ದೂರದ ಊರಿನ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಯುವಕನೊಬ್ಬ ಕೆಲಸ ಹೋದ ಮೇಲೆ ವಾಚನಾಲಯದಲ್ಲಿ ದಿನ ಕಳೆಯುತ್ತಿದ್ದನೆಂದು ಹೇಳಿದರು. ಅವನ ಒಂಟಿತನ ಕೇಳುಗರ ಕಣ್ಣಿಗೆ ಕಟ್ಟಲೆಂದು ತಾವೇ ನೋಡಿದ್ದ ಒಂದು ವಿವರವನ್ನೂ ಸೇರಿಸಿದರು. ಆ ವಾಚನಾಲಯದ ಮೂಲೆಯಲ್ಲಿ ಅವನು ಎಡಗೆನ್ನೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೇ ಓದುತ್ತಿದ್ದ ಎಂದರು.

ಮುದ್ರಣಾಲಯದವರು ಹಾಗೆ ಕೂರುವುದಿಲ್ಲ. ವರ್ಷಗಟ್ಟಲೆ ಕಾವಿನಿಂದ ಒಂದು ಕೆನ್ನೆಯನ್ನು ಕಾಪಾಡಿಕೊಂಡ ಕುಲುಮೆಯವರು ಮಾತ್ರ ಹಾಗೆ ಕೂರುತ್ತಾರೆ. ಊಟಕ್ಕೆ ಕೂತಾಗಲೂ ಹಾಗೆಯೇ, ಬಸ್ಸಿನಲ್ಲೂ ಹಾಗೆಯೇ. ಇಡೀ ಸಭೆಗೆ ಅದು ಗೊತ್ತು, ಹೊರಗಿನಿಂದ ಬಂದ ಸಭಾಪಾಲಕರಿಗೆ ಮಾತ್ರ ಗೊತ್ತಿರಲಿಲ್ಲ. ಬೆಂಚುಗಳಲ್ಲಿ ತಲೆಗಳು ಒಂದೊಂದಾಗಿ ತಿರುಗಿದವು. ಪ್ರತಿದಿನ ವಾಚನಾಲಯದ ಮುಂದೆ ಹಾದುಹೋಗುವವರ ಕಣ್ಣು ಮೇಸ್ತ್ರಿಯ ಮೇಲೆ ನಿಂತಿತು. ಅವನು ಎದ್ದು, ಯಾರ ಮೊಣಕಾಲಿಗೂ ತಾಗದಂತೆ ಜಾಗ್ರತೆಯಿಂದ ಬೆಂಚು ದಾಟಿ, ಹೊರಗೆ ನಡೆದ. ಅವನ ಹೆಂಡತಿ ಮಾತ್ರ ಕದಲಲಿಲ್ಲ. ಕೊನೆಯ ಗೀತೆಯನ್ನು ಪೂರ್ತಿ ಹಾಡಿದಳು. ಬಾಗಿಲಲ್ಲಿ ನಿಂತಿದ್ದ ಸಭಾಪಾಲಕರ ಕೈ ಕುಲುಕಿ, ಎಲ್ಲರೂ ಹೇಳುವಂತೆಯೇ, "ಪ್ರಸಂಗ ಚೆನ್ನಾಗಿತ್ತು ಅಯ್ಯನವರೇ" ಎಂದು ಹೇಳಿ ಹೋದಳು.

ಆ ಮಾತು ತಮ್ಮ ಕೈಯಲ್ಲಿ ಕೆಂಡದಂತೆ ಉಳಿಯಿತೆಂದು ಅವರು ಮುಂದೆ ಹೇಳಿದ್ದುಂಟು. ಆ ಮಧ್ಯಾಹ್ನ ಊಟ ಮಾಡದೆ ಮೇಸ್ತ್ರಿಯ ಮನೆಗೆ ಹೋದರು. ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ಗೋಡೆಗೆ ಒರಗಿ ಕುಳಿತಿದ್ದರು.

"ಊರು ಬದಲಾಯಿಸಿದ್ರಿ, ಕಸುಬು ಬದಲಾಯಿಸಿದ್ರಿ. ನನ್ನ ಮುಖ ಮಾತ್ರ ಹಾಗೇ ಬಿಟ್ರಲ್ಲ ಅಯ್ಯನವರೇ" ಎಂದ ಮೇಸ್ತ್ರಿ.

ಸಭಾಪಾಲಕರು ತಪ್ಪಾಯಿತೆಂದರು.

"ಅವರನ್ನ ಯಾಕೆ ಅಂತೀರಿ?" ಹೆಂಡತಿ ಗಂಡನ ಕಡೆಗೆ ತಿರುಗಿದಳು. "ನನಗೆ ಮೊದಲ ವಾರವೇ ಗೊತ್ತಾಯ್ತು. ಕುಲುಮೆಯಿಂದ ಬಂದೋರ ಅಂಗಿ ಬೆನ್ನ ಮೇಲೆ ಉಪ್ಪು ಬಿಳೀ ಗೆರೆ ಗೆರೆಯಾಗಿ ಕೂತಿರುತ್ತೆ. ಎರಡು ತಿಂಗಳಿಂದ ಒಗೆದ ಅಂಗೀನೇ ಮತ್ತೆ ಒಗೀತಾ ಇದ್ದೀನಿ, ಸೋಪಿಗೂ ದಂಡ!"

"ಗೊತ್ತಿದ್ದೂ ದಿನಾ ಡಬ್ಬಿ ಕಟ್ಟಿ ಕೊಟ್ಯಾ?"

"ಮತ್ತೇನು, ಉಪವಾಸ ಕಳಿಸ್ಲಾ? ನೀವು ನನ್ನ ಬಿ.ಪಿ. ನೋಡ್ಕೊಂಡ್ರಿ, ನಾನು ನಿಮ್ಮ ಮರ್ಯಾದೆ ನೋಡ್ಕೊಂಡೆ."

ಅವಳು ನಕ್ಕಳು, ನಗುತ್ತಲೇ ಅತ್ತಳು. ಮೇಸ್ತ್ರಿ ನಗಲಿಲ್ಲ. ಹೆಂಡತಿಗೆ ತಿಳಿದದ್ದನ್ನು ಅವನು ತಾಳಿಕೊಂಡ. ಇಡೀ ಸಭೆ ತಿರುಗಿ ನೋಡಿದ್ದನ್ನು ಮಾತ್ರ ತಾಳಿಕೊಳ್ಳಲಾಗಲಿಲ್ಲ. "ನಿಮ್ಮ ಮೇಲೆ ಸಿಟ್ಟಿಲ್ಲ ಅಯ್ಯನವರೇ. ಆದ್ರೆ ಆ ಬೆಂಚಲ್ಲಿ ಇನ್ನು ನಾನು ಕೂರಲಾರೆ" ಎಂದ.

ಮರುವಾರ ಸಭಾಪಾಲಕರು ಅದೇ ಪಾಠವನ್ನು ಮತ್ತೆ ತೆಗೆದುಕೊಂಡರು. ಕ್ಷಮೆಯ ಮಾತನ್ನು ಪೀಠದಿಂದ ಆಡಲಿಲ್ಲ. ಆಡಿದ್ದರೆ ಆ ಮನೆ ಇನ್ನೊಮ್ಮೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಉದಾಹರಣೆಯನ್ನೂ ಕೊಡಲಿಲ್ಲ. ಪೀಠದಿಂದ ಕೆಳಗಿಳಿದು ಬೆಂಚುಗಳ ನಡುವೆ ನಿಂತು ಮಾತಾಡಿದರು.

ಚಿಂತೆ ಪಾಪವಲ್ಲ, ನಂಬಿಕೆಯ ಕೊರತೆಯೂ ಅಲ್ಲ, ಪ್ರೀತಿಸುವವರನ್ನು ಕಾಪಾಡಲು ಹೊರಟ ಮನಸ್ಸು ದಾರಿ ಕಾಣದೆ ಒಂದೇ ಕಡೆ ಸುತ್ತುವುದೇ ಚಿಂತೆ ಎಂದರು. ಯೋಜನೆಗೆ ಒಂದು ಮುಂದಿನ ಹೆಜ್ಜೆ ಇರುತ್ತದೆ, ಚಿಂತೆಗೆ ಇರುವುದಿಲ್ಲ. ಆದ್ದರಿಂದ ತಲೆಯಲ್ಲಿ ಸುತ್ತುತ್ತಿರುವುದನ್ನು ಹಿಡಿದು ನಿಲ್ಲಿಸಿ, 'ಇದರಲ್ಲಿ ಇವತ್ತು ನನ್ನ ಕೈಯಲ್ಲಿ ಆಗುವುದು ಯಾವುದು?' ಎಂದು ಕೇಳಿ, ಅದೊಂದನ್ನು ಮಾಡಿ, ಉಳಿದದ್ದನ್ನು ನಾಳೆಗೆ ಬಿಡಿ ಎಂದರು. ಬಾಡಿಗೆ ತಪ್ಪಿದ ಮೇಲೆ ಮನೆಯೊಡೆಯನಿಂದ ತಲೆತಪ್ಪಿಸಿಕೊಳ್ಳುವುದಕ್ಕಿಂತ ತಪ್ಪುವ ಮೊದಲೇ ಹೋಗಿ ಮಾತಾಡಿ, ಶಾಲೆಯಲ್ಲಿ ಫೀಸಿನ ರಿಯಾಯಿತಿಯನ್ನು ವರ್ಷದ ಆರಂಭದಲ್ಲೇ ಕೇಳಿ, ಕಾರ್ಖಾನೆಯಿಂದ ಬರಬೇಕಾದದ್ದನ್ನು ಕಾರ್ಮಿಕ ಕಚೇರಿಯಲ್ಲಿ ವಿಚಾರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ದುಡ್ಡು ಉಳಿಸಲು ಮಾತ್ರೆ ನಿಲ್ಲಿಸಬೇಡಿ ಎಂದರು. ದೇವಾಲಯದಲ್ಲಿ ಇಂಥ ಮಾತೇ ಎಂದು ಮುಂದಿನ ಬೆಂಚಿನ ಹಿರಿಯರೊಬ್ಬರು ಹುಬ್ಬೇರಿಸಿದರು. ಪಾಠದಲ್ಲಿ ಬರುವ ಹಕ್ಕಿಗಳು ದಿನವಿಡೀ ಮೇವು ಹುಡುಕುತ್ತವೆ, ರೆಂಬೆಯ ಮೇಲೆ ಸುಮ್ಮನೆ ಕೂತಿರುವುದಿಲ್ಲ, ಹುಡುಕುವುದು ಅಪನಂಬಿಕೆಯಲ್ಲ ಎಂದು ಅವರು ಆ ಹಿರಿಯರನ್ನೇ ನೋಡಿ ಮೆಲ್ಲಗೆ ಹೇಳಿದರು.

ಅನಂತರ ಕೆಲಸ ಉಳಿದವರ ಕಡೆಗೆ, ಪಿಂಚಣಿಯವರ ಕಡೆಗೆ ತಿರುಗಿದರು. "ಚಿಂತೆ ಮಾಡಬೇಡಿ ಅನ್ನೋದು ಸುಲಭ. ಹಾಗೆ ಹೇಳೋರು ಆ ಚಿಂತೆಯ ಇನ್ನೊಂದು ತುದೀನ ಹಿಡ್ಕೋಬೇಕು. ಹಿಡಿಯೋಕಾಗದಿದ್ರೆ ಹೇಳಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ." ಪ್ರಸಂಗ ಅಲ್ಲಿಗೆ ಮುಗಿಯಿತು. ಬಾಗಿಲಲ್ಲಿ ನಿಂತು ಕೈ ಕುಲುಕುವುದನ್ನೂ ಅವರು ಅಂದಿನಿಂದ ನಿಲ್ಲಿಸಿದರು. ಹಿಂದೆ ಸಾಲು ಕಾಯುತ್ತಿರುವಾಗ ಯಾರೂ ನಿಜ ಹೇಳಲಾರರು ಎಂದರು. ಬದಲಿಗೆ, ಮಾತಾಡಬೇಕಾದವರಿಗಾಗಿ ಪ್ರತಿ ಮಂಗಳವಾರ ಸಂಜೆ ದೇವಾಲಯದ ಹಿಂಭಾಗದ ಕೋಣೆಯ ಬಾಗಿಲು ತೆರೆದಿಟ್ಟರು. ಜನ ಮೊದಲು ಹಿಂಜರಿದರು, ಆಮೇಲೆ ಗಂಡ ಹೆಂಡತಿ ಜೊತೆಯಾಗಿ ಬರತೊಡಗಿದರು. ಎಷ್ಟೋ ಮಂದಿಯ ಜೊತೆ ಸಭಾಪಾಲಕರೇ ಕಾರ್ಮಿಕ ಕಚೇರಿಯ ಮರದ ಬೆಂಚಿನಲ್ಲಿ ಸರದಿ ಕಾದು ಕುಳಿತರು. ಕೆಲಸ ಉಳಿದಿದ್ದ ಕುಲುಮೆಯವರು ತಮ್ಮ ಓವರ್‌ಟೈಮನ್ನು ಬಿಟ್ಟುಕೊಟ್ಟು ಒಬ್ಬಿಬ್ಬರನ್ನು ಮರಳಿ ಒಳಗೆ ಸೇರಿಸಿದ್ದೂ ಆ ಕೋಣೆಯ ಮಾತುಕತೆಯಿಂದಲೇ.

ಮೇಸ್ತ್ರಿ ಬರಲಿಲ್ಲ. ಅವನಿಗೆ ಗೋದಾಮಿನ ಕಾವಲು ಕೆಲಸ ಸಿಕ್ಕಿತು, ಸಂಬಳ ಮೊದಲಿನ ಅರ್ಧ. ಹೆಂಡತಿ ಹೊಲಿಗೆ ಹಿಡಿದಳು. ಸಭಾಪಾಲಕರು ಶನಿವಾರ ಪ್ರಸಂಗ ತಿದ್ದಿದ ಮೇಲೆ ಅವನ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ಬಾಟಲಿಯ ಕುತ್ತಿಗೆ ಯಾಕೆ ಒಡೆಯುತ್ತದೆ, ಗಾಜಿಗೆ ಹಸಿರು ಬಣ್ಣ ಎಲ್ಲಿಂದ ಬರುತ್ತದೆ ಎಂದೆಲ್ಲ ಅವನು ಹೇಳುವುದನ್ನು ಕೇಳುತ್ತಿದ್ದರು. ದೇವಾಲಯಕ್ಕೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಎದೆನೋವಿನಿಂದ ಅವನು ತೀರಿಕೊಂಡ, ಆ ಬೆಂಚಿಗೆ ಮರಳದೆಯೇ. ಅಂತ್ಯಕ್ರಿಯೆಯ ದಿನ ಅವನ ಹೆಂಡತಿ, "ಇವತ್ತು ಪ್ರಸಂಗ ಬೇಡ ಅಯ್ಯನವರೇ" ಎಂದಾಗ, ಪ್ರಾರ್ಥನೆಯನ್ನು ಬೇರೆಯವರಿಗೆ ವಹಿಸಿ ಅವರು ಮನೆಯವರ ಸಾಲಿನಲ್ಲಿ ಕುಳಿತರು. ಅಷ್ಟು ವರ್ಷಗಳಲ್ಲಿ ಅವರು ಸಭೆಯ ಎದುರು ಅತ್ತದ್ದು ಅಂದೊಂದೇ ಸಲ.

ಇದನ್ನು ಬರೆಯಲು ನಾನು ಅವಳ ಅನುಮತಿ ಕೇಳಿದಾಗ ಅವಳು, "ಬರೀರಿ ಟೀಚರಮ್ಮ, ಕಸುಬು ಮಾತ್ರ ಬದಲಾಯಿಸಬೇಡಿ. ನಮ್ಮೋರಿಗೆ ಆ ಕೆಲಸದ ಮೇಲೆ ತುಂಬ ಹೆಮ್ಮೆ" ಎಂದಳು.

ಕಳೆದ ತಿಂಗಳು ಸಭಾಪಾಲಕರ ವಸತಿಗೃಹದ ಸಾಮಾನು ಕಟ್ಟಲು ಅವಳೂ ಬಂದಿದ್ದಳು. ನಿವೃತ್ತರಾದವರು ಆ ಮನೆ ಬಿಡಬೇಕು. ಹೊಸಬರಿಗೆ ತೊಡಕಾಗದಿರಲೆಂದು ಹಳೆಯ ಸಭೆಯ ಕಾರ್ಯಗಳಿಂದಲೂ ದೂರವಿರಬೇಕು. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದವಳು, ಸಭಾಪಾಲಕರು ಒಂದೇ ಪುಸ್ತಕವನ್ನು ಇಡುತ್ತ ತೆಗೆಯುತ್ತ ಇರುವುದನ್ನು ನೋಡಿ ಕೇಳಿದಳು:

"ಬಾಡಿಗೆ ಮನೆ ಸಿಕ್ತಾ ಅಯ್ಯನವರೇ?"

"ಸಿಗುತ್ತೆ ಬಿಡಮ್ಮ."

"ಸಿಗುತ್ತೋ, ಸಿಕ್ಕಿದೆಯೋ?"

ಅವರು ಆ ಪುಸ್ತಕವನ್ನು ಮತ್ತೆ ಪೆಟ್ಟಿಗೆಯಿಂದ ತೆಗೆದರು.

"ಮನೇಲಿ ಅಮ್ಮನವರಿಗೆ ಹೇಳಿದ್ದೀರಾ?"

ಅವರು ತಲೆ ತಗ್ಗಿಸಿದರು. ಬಾಡಿಗೆಗಳೆಲ್ಲ ಪಿಂಚಣಿಯನ್ನು ಮೀರಿದ್ದವು. ಆದರೂ ಮನೆ ಸಿಕ್ಕಿದೆಯೆಂದು ಅವರು ಹೆಂಡತಿಗೆ ಹೇಳಿಬಿಟ್ಟಿದ್ದರು. ಮೇಸ್ತ್ರಿಯ ಹೆಂಡತಿ ಕೈಯ ಧೂಳು ಕೊಡವಿ ಎದ್ದು, ಒಳಕೋಣೆಯ ಬಾಗಿಲು ತೆರೆದು, "ಅಮ್ಮಾ, ಸ್ವಲ್ಪ ಬನ್ನಿ. ಅಯ್ಯನವರು ಏನೋ ಹೇಳಬೇಕಂತೆ" ಎಂದು ಕರೆದು, ತಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು.

ಈಗ ಮನೆ ಸಿಕ್ಕಿದೆ. ಅವಳ ಓಣಿಯಲ್ಲೇ, ಎರಡು ಸಣ್ಣ ಕೋಣೆ. ಪೆಟ್ಟಿಗೆಗಳನ್ನು ಹೊತ್ತವರು ಆ ಮಂಗಳವಾರದ ಕೋಣೆಗೆ ಬರುತ್ತಿದ್ದವರೇ. ನಮ್ಮ ಸಭಾಪಾಲಕರಿಗೂ ಅಮ್ಮನವರಿಗೂ ಆ ಕೋಣೆಗಳಲ್ಲಿ ದೀರ್ಘಾಯುಷ್ಯ, ಆರೋಗ್ಯ, ನೆಮ್ಮದಿಯ ನಿದ್ರೆ ದೊರೆಯಲಿ. ಪೀಠವಿಲ್ಲದಿದ್ದರೂ ಓಣಿಯಲ್ಲಿ ಕೇಳಬೇಕಾದ ದುಃಖಗಳು ಬೇಕಾದಷ್ಟಿವೆ, ಕೇಳುವ ಕೆಲಸ ಅವರ ಕೈಬಿಡದಿರಲಿ. ಮತ್ತು ಅವರ ದುಃಖವನ್ನು ಕೇಳಲು ನಾವು ಹತ್ತಿರದಲ್ಲಿ ಇರುವಂತಾಗಲಿ.