ಅವ್ರಿಲ್ ತಿದ್ದಿದ ‘ಅವನು’

ಅವ್ರಿಲ್ ಸಗ್ಡೆನ್ ಮೂವತ್ತೊಂದು ವರ್ಷ ಜಿಲ್ಲಾ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವಳು. ಪತ್ರಿಕೆ ಮುಚ್ಚಿ ಹದಿನೈದು ವರ್ಷವಾದರೂ ಅವಳ ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಬೇಕರಿಯ ಬಾಗಿಲಿಗೆ ಅಂಟಿಸಿದ ಚೀಟಿ, ಚರ್ಚಿನ ಕರಪತ್ರ, ಗಂಡ ತೀರಿಕೊಂಡಾಗ ಬಂದ ಸಂತಾಪದ ಕಾರ್ಡುಗಳು, ಯಾವುದನ್ನೂ ಅವಳು ಸುಮ್ಮನೆ ಓದಿದವಳಲ್ಲ. ಮಗಳು ಬೆಥನಿ ಮೊದಮೊದಲು ಬ್ರಿಸ್ಟಲಿನಿಂದ ಉದ್ದುದ್ದ ಸಂದೇಶ ಕಳಿಸುತ್ತಿದ್ದಳು. ಅವಳು ಬರೆದದ್ದಕ್ಕೆಲ್ಲ ನಕ್ಷತ್ರದ ಗುರುತಿನೊಂದಿಗೆ ತಿದ್ದುಪಡಿ ಹೋಗುತ್ತಿತ್ತು. ಈಗ ಮಗಳಿಂದ ಬರುವುದು ಬರೀ ಹೆಬ್ಬೆರಳಿನ ಚಿತ್ರ.

ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಸೇರದಿದ್ದದ್ದು ಒಂದು ‘ಅವರು’. ಇಲ್ಲಿನ ಇಂಗ್ಲಿಷ್ ಮಾತಿನಲ್ಲಿ ಅದು ಮರ್ಯಾದೆಯ ‘ಅವರು’ ಅಲ್ಲ, ಹಲವರನ್ನು ಹೇಳುವ ‘ಅವರು’. ‘ಎಲ್ಲರೂ’, ‘ಯಾರೋ’, ‘ಒಬ್ಬೊಬ್ಬರೂ’ ಅನ್ನುವ ಪದಗಳಿಗೆ ಇಲ್ಲಿ ಕ್ರಿಯಾಪದ ಏಕವಚನದಲ್ಲೇ ಬರುತ್ತದೆ. ಅಷ್ಟರ ಮಟ್ಟಿಗೆ ಜನರೂ ಸರಿಯಾಗಿಯೇ ಹೇಳುತ್ತಾರೆ. ಅದರ ಹಿಂದೆಯೇ ‘ಅವರು’, ‘ತಮ್ಮ’ ಎಂದು ಬಹುವಚನಕ್ಕೆ ಜಾರಿಬಿಡುತ್ತಾರೆ. ಗಂಡೋ ಹೆಣ್ಣೋ ತಿಳಿಯದ ಕಡೆ, ತಿಳಿಯಬೇಕಾಗಿಲ್ಲದ ಕಡೆ, ನೂರಾರು ವರ್ಷಗಳಿಂದ ಇದೇ ರೂಢಿ. ಅವ್ರಿಲಳ ಕಚೇರಿಯ ನಿಯಮವೇ ಬೇರೆ ಇತ್ತು. ಒಬ್ಬರೆಂದ ಮೇಲೆ ಒಬ್ಬರೇ, ಯಾರೆಂದು ತಿಳಿಯದಿದ್ದರೆ ‘ಅವನು’ ಎಂದು ಬರೆಯಬೇಕು, ಅದರಲ್ಲಿ ಹೆಂಗಸರೂ ಸೇರಿದಂತೆಯೇ. ಈ ನಿಯಮವನ್ನು ಅವಳು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಿತಳು. ಆಮೇಲೆ ಅದರ ಮೇಲೆ ಧೂಳು ಕೂರಲು ಬಿಟ್ಟಿರಲಿಲ್ಲ.

ಊರ ಮೇಲಿನ ಗುಡ್ಡದ ಇಳಿಜಾರಿನಲ್ಲಿ ಕ್ಲಫ್ ಬ್ಯಾಂಕ್ ಕೈತೋಟಗಳಿವೆ. ಒಟ್ಟು ನಲವತ್ತು ತುಂಡು ನೆಲ, ನಲವತ್ತು ಬಾಡಿಗೆದಾರರು. ಅವರ ಸಂಘಕ್ಕೆ ಅವ್ರಿಲ್ ಕಾರ್ಯದರ್ಶಿ. ಅಧ್ಯಕ್ಷೆ ಜೆಮ್ಮಾ ಅಟ್ಲಿ ಶಾಲೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವ ಹುಡುಗಿ. ಪ್ರಕಟಣೆಯನ್ನು ಅಧ್ಯಕ್ಷೆ ಬರೆಯಬೇಕು, ಕಾರ್ಯದರ್ಶಿ ತನ್ನ ಹೆಸರಿನಲ್ಲಿ ಮೊಬೈಲ್ ಗುಂಪಿಗೆ ಹಾಕಬೇಕು, ಅದೇ ಸಂಘದ ಪದ್ಧತಿ. ಮಿಕ್ಕವರು ಗುಂಪಿನಲ್ಲಿ ಏನೇ ಹರಟಲಿ, ಅವ್ರಿಲ್ ಹಾಕಿದ್ದೇ ಅಧಿಕೃತ.

ಜುಲೈ ತಿಂಗಳ ಒಂದು ಭಾನುವಾರ ಸಂಜೆ ಮೇಲಿನ ಗೇಟಿಗೆ ಬೀಗ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ, ತನ್ನ ತುಂಡಿನಲ್ಲಿ ಕೋಳಿ ಸಾಕಿದ್ದ ಡೋರೀನ್ ಫರ್ತ್ ಕಾಳು ಹಾಕಲು ಬಂದು ನೋಡಿದರೆ ಅವಳ ಹನ್ನೊಂದು ಕೋಳಿಗಳೂ ಹುಲ್ಲಿನ ಮೇಲೆ ಹರಿದು ಬಿದ್ದಿದ್ದವು. ಬೀದಿಯ ಕಡೆಯಿಂದ ನಾಯಿಗಳು ನುಗ್ಗಿದ್ದವು. ಆ ಗೇಟಿನ ಬೀಗದ ಕೈ ಇದ್ದದ್ದು ಅದರ ಪಕ್ಕದ ಮೇಲ್ಸಾಲಿನ ತುಂಡುಗಳ ಏಳು ಜನರಲ್ಲಿ.

ಜೆಮ್ಮಾ ಶಾಲೆಯಿಂದಲೇ ಅವಸರದಲ್ಲಿ ಬರೆದು ಕಳಿಸಿದಳು: “ಭಾನುವಾರ ಯಾರೋ ಮೇಲಿನ ಗೇಟಿಗೆ ಬೀಗ ಹಾಕದೆ ಹೋಗಿದ್ದಾರೆ. ತಾವು ಯಾರೂಂತ ಅವರಿಗೇ ಗೊತ್ತು. ಎಲ್ಲರೂ ತಾವು ಹೊರಡೋ ಮೊದಲು ಬೀಗ ನೋಡ್ಕೊಳ್ಳಿ. ಒಬ್ಬೊಬ್ಬರೂ ತಮ್ಮ ಜವಾಬ್ದಾರಿ ತಾವೇ ಹೊರಬೇಕು.”

ಅವ್ರಿಲ್ ಕನ್ನಡಕ ಏರಿಸಿದಳು. ಬರೆದದ್ದರಲ್ಲಿ ಸಿಟ್ಟಿತ್ತು, ಅದು ನ್ಯಾಯವಾದದ್ದೇ. ವಾಕ್ಯ ಮಾತ್ರ ಸೊಟ್ಟಗಿತ್ತು. ಚಹಾ ಆರುವುದರೊಳಗೆ ಅದನ್ನು ನೆಟ್ಟಗೆ ಮಾಡಿ ಗುಂಪಿಗೆ ಹಾಕಿದಳು: “ಭಾನುವಾರ ಯಾರೋ ಒಬ್ಬನು ಮೇಲಿನ ಗೇಟಿಗೆ ಬೀಗ ಹಾಕದೆ ಹೋಗಿದ್ದಾನೆ. ತಾನು ಯಾರೆಂದು ಅವನಿಗೆ ಗೊತ್ತಿದೆ.” ಉಳಿದ ಸಾಲುಗಳನ್ನೂ ಹಾಗೆಯೇ ತಿದ್ದಿದಳು. ಆಮೇಲೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು.

ಹಿಂದಿರುಗಿ ಬರುವಷ್ಟರಲ್ಲಿ ಮೊಬೈಲು ಮೇಜಿನ ಮೇಲೆ ಜೇನುಹುಳದಂತೆ ಗುಂಯ್‌ಗುಡುತ್ತಿತ್ತು.

“ಅವನು? ಹಾಗಾದ್ರೆ ಗಂಡಸು.”

“ಮೇಲ್ಸಾಲಿನಲ್ಲಿ ಗಂಡಸು ಅಂತ ಇರೋದೇ ಒಬ್ಬ.”

“ಹೆಸರು ಬೇರೆ ಹೇಳ್ಬೇಕಾ?”

ಏಳು ಬೀಗದ ಕೈಗಳಲ್ಲಿ ಆರು ಹೆಂಗಸರ ಬಳಿ ಇದ್ದವು. ಏಳನೆಯದು ಕ್ಲೈವ್ ಬ್ಯಾರಕ್ಲಫ್‌ನದು. ಬಸ್ ಓಡಿಸಿ ನಿವೃತ್ತನಾದವನು, ಒಂಟಿ ಮನುಷ್ಯ. ಹತ್ತೊಂಬತ್ತು ವರ್ಷಗಳಿಂದ ಅದೇ ತುಂಡಿನಲ್ಲಿ ಈರುಳ್ಳಿ ಜಾತಿಯ ಲೀಕ್, ಬೀನ್ಸ್ ಬೆಳೆಯುತ್ತಿದ್ದ. ಗುಂಪಿನಲ್ಲಿ ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಶುಭಾಶಯ ಬಿಟ್ಟರೆ ಏನೂ ಬರೆಯದವನು ಅವತ್ತು ಬರೆದ: “ನಾನಲ್ಲ. ಭಾನುವಾರ ಮೂರು ಗಂಟೆಗೇ ಮನೆಗೆ ಹೋದೆ.”

“ಇನ್ನೇನಂತ ಹೇಳ್ತೀಯ ನೀನು,” ಎಂದಳು ಡೋರೀನ್. “ಹನ್ನೊಂದು ಜೀವ ಕ್ಲೈವ್. ಒಂದೊಂದಕ್ಕೂ ಹೆಸರಿಟ್ಟಿದ್ದೆ.”

“ಯಾರು ನೋಡಿದ್ರು ನನ್ನ?”

ಅದಕ್ಕೆ ಇನ್ನೊಬ್ಬಳು ಕೊಟ್ಟ ಉತ್ತರ ಅವ್ರಿಲಳ ಎದೆಗೆ ಬಡಿಯಿತು. “ಅವ್ರಿಲ್ ಗೊತ್ತಿಲ್ದೆ ಒಂದಕ್ಷರ ಬರೆಯೋಳಲ್ಲ. ‘ಅವನು’ ಅಂದಿದ್ದಾಳೆ ಅಂದ್ರೆ ಅವಳಿಗೆ ಗೊತ್ತು.”

ಇಷ್ಟು ವರ್ಷ ಇಂಥದೊಂದು ಮಾತಿಗಾಗಿಯೇ ಅವಳು ಕಾದಿದ್ದಳು, ನಾಲ್ಕು ಜನರ ಮುಂದೆ ಯಾರಾದರೂ ಹೀಗೆ ಹೇಳಲಿ ಎಂದು. ಅದು ಬಂದದ್ದು ಈ ಹೊತ್ತಿನಲ್ಲಿ. “ಅದು ಸಾಮಾನ್ಯ ಅರ್ಥದಲ್ಲಿ ಬಳಸಿದ ಪದ, ಸ್ತ್ರೀಯರೂ ಅದರಲ್ಲಿ ಅಡಕ,” ಎಂದು ಬರೆದಳು. ಯಾರೋ ನಗುವ ಮುಖ ಹಾಕಿದರು. ಇನ್ನೊಬ್ಬರು ಬರೆದರು: “ಮೇಡಂ ಪಾಪ ಅವನನ್ನ ಕಾಪಾಡೋಕೆ ನೋಡ್ತಿದ್ದಾರೆ.” ಆ ಮೇಲೆ ಅವಳು ಏನು ಬರೆದರೂ ಅದು ಕರುಣೆಯ ಲೆಕ್ಕಕ್ಕೇ ಹೋಯಿತು.

ಬುಧವಾರ ಕ್ಲೈವ್‌ನ ಬೀನ್ಸ್ ಬಳ್ಳಿಗಳ ಕೋಲುಗಳನ್ನು ಯಾರೋ ಸಾಲಾಗಿ ಮುರಿದು ಹಾಕಿದರು. ಗುರುವಾರ ಅವನ ನೀರಿನ ಪೀಪಾಯಿಯ ನಲ್ಲಿ ತೆರೆದು ಬಿಟ್ಟರು. ಶನಿವಾರ ಸಮಿತಿ ಸೇರಿ ಅವನ ತುಂಡನ್ನು ವಾಪಸು ಪಡೆಯಬೇಕೆಂದು ಡೋರೀನ್ ಕಡೆಯವರು ಅರ್ಜಿ ಕೊಟ್ಟರು.

ಶುಕ್ರವಾರ ಅವ್ರಿಲ್ ಶಾಲೆ ಬಿಡುವ ಹೊತ್ತಿಗೆ ಜೆಮ್ಮಾಳನ್ನು ಹುಡುಕಿಕೊಂಡು ಹೋದಳು. ಜೆಮ್ಮಾ ಅಂಗಳದಲ್ಲಿ ಬಿದ್ದಿದ್ದ ಮಕ್ಕಳ ಟೋಪಿಗಳನ್ನು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನಾನು ಬರೆದದ್ದನ್ನ ಯಾಕೆ ಬದಲಾಯಿಸಿದ್ರಿ ಅವ್ರಿಲ್?”

“ಬದಲಾಯಿಸಲಿಲ್ಲಮ್ಮ. ತಿದ್ದಿದೆ.”

“ನನಗೆ ಯಾರೂಂತ ಗೊತ್ತಿರಲಿಲ್ಲ. ಅದಕ್ಕೇ ‘ಅವರು’ ಅಂದೆ. ಆ ಪದ ಇರೋದೇ ಅದಕ್ಕೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋಕೆ.”

“‘ಅವನು’ ಅಂದ್ರೆ ಎಲ್ಲರೂ ಬರ್ತಾರೆ. ಯಾವತ್ತೂ ಎಲ್ಲರೂ ಬಂದಿದ್ದಾರೆ.”

“ನಾನಂತೂ ಯಾವತ್ತೂ ಬಂದಿಲ್ಲ,” ಎಂದಳು ಜೆಮ್ಮಾ. “ನೀವು ಬಂದಿದ್ರಾ? ನಿಮ್ಮ ಕಚೇರಿಯಲ್ಲಿ ‘ಸಂಪಾದಕನು ತನ್ನ ಕೋಣೆಯಲ್ಲಿ’ ಅಂತ ಬರೆದಾಗ ಒಂದು ಸಲವಾದ್ರೂ ನಿಮ್ಮ ಮುಖ ನಿಮ್ಮ ಕಣ್ಣಿಗೆ ಬಂದಿತ್ತಾ?”

ಮೂವತ್ತೊಂದು ವರ್ಷದಲ್ಲಿ ನಾಲ್ವರು ಸಂಪಾದಕರು ಬಂದು ಹೋಗಿದ್ದರು, ನಾಲ್ವರೂ ಗಂಡಸರು. ಅವ್ರಿಲಳಿಗೆ ಕಂಡದ್ದು ಯಾವಾಗಲೂ ಅವರ ಮುಖವೇ.

“ಈಗ ನಾನು ಏನು ಹೇಳಿದ್ರೂ ನಂಬಲ್ಲ ಅವರು,” ಎಂದಳು ಅವ್ರಿಲ್.

“ನಿಮ್ಮ ನಿಯಮಾನ ಕಾಪಾಡ್ಕೊಂಡು ಹೇಳ್ತಿದ್ದೀರಿ, ಅದಕ್ಕೇ ನಂಬಲ್ಲ. ತಪ್ಪಾಯ್ತು ಅಂತ ಹೇಳಿ ನೋಡಿ.” ಟೋಪಿಗಳ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಅವಳು ಒಳಗೆ ಹೋಗಿಬಿಟ್ಟಳು.

ಅವ್ರಿಲ್ ಅಲ್ಲಿಂದ ನೇರ ಗುಡ್ಡ ಹತ್ತಿದಳು. ಕ್ಲೈವ್ ಮುರಿದ ಕೋಲುಗಳಿಗೆ ಹುರಿ ಸುತ್ತುತ್ತಿದ್ದ. ಬಳ್ಳಿಯ ಕೆಂಪು ಹೂಗಳು ಮಣ್ಣಿನಲ್ಲಿ ಕಂದಿ ಹೋಗಿದ್ದವು.

“ಕ್ಲೈವ್, ನೀವೂಂತ ನಾನು ಬರೆಯಲಿಲ್ಲ. ನನ್ನ ಮನಸ್ಸಿನಲ್ಲಿ ನೀವು ಇರಲೇ ಇಲ್ಲ.”

“ಗೊತ್ತು.”

“ಹಾಗಂತ ನಿಮಗೆ ಹೇಳಿ ಹೋಗೋಣ ಅಂತ ಬಂದೆ.”

“ನನಗ್ಯಾಕೆ ಹೇಳ್ತೀರಿ? ಬೀಗ ನಾನು ಬಿಟ್ಟಿಲ್ಲ ಅನ್ನೋದು ನನಗೆ ಗೊತ್ತೇ ಇದೆ.” ಅವನು ಹುರಿಯನ್ನು ಹಲ್ಲಿನಿಂದ ಕತ್ತರಿಸಿದ. “ಹತ್ತೊಂಬತ್ತು ವರ್ಷ ಬೆಳಿಗ್ಗೆ ಈ ದಾರೀಲಿ ನನ್ನ ನೋಡಿ ಕೈ ಎತ್ತಿದ ಜನ ನಿನ್ನೆ ಬೇಲಿ ಕಡೆ ಮುಖ ತಿರುಗಿಸ್ಕೊಂಡ್ರು. ಹೋಗಿ ಅವರಿಗೆ ಹೇಳಿ. ಹೇಳೋಕೆ ಆಗದಿದ್ರೆ, ದಯವಿಟ್ಟು ನನ್ನ ಮಣ್ಣಿನ ಮೇಲಿಂದ ಆಚೆ ನಿಂತ್ಕೊಳ್ಳಿ.”

ಅವಳು ಕಾಲ ಕೆಳಗೆ ನೋಡಿದಳು. ಲೀಕ್ ಸಾಲಿನ ಅಂಚಿನಲ್ಲಿ ಒಂದು ಹೆಜ್ಜೆ ಒಳಗಿದ್ದಳು. ಹಿಂದೆ ಸರಿದು ದಾರಿಗೆ ಬಂದಳು. ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂತು ಮೊಬೈಲು ತೆಗೆದಳು.

ಬರೆಯಲು ಬಹಳ ಹೊತ್ತು ಹಿಡಿಯಿತು. ಮೊದಲು ನಿಯಮವನ್ನು ವಿವರಿಸಿದಳು, ಅಳಿಸಿದಳು. ಪತ್ರಿಕೆಯ ಹೆಸರು ಹಾಕಿದಳು, ಅದನ್ನೂ ಅಳಿಸಿದಳು. ಹಳೆಯ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಂತಿತ್ತು. ಕೊನೆಗೆ ಉಳಿದದ್ದು ಇಷ್ಟು: “ಸೋಮವಾರದ ಸಂದೇಶದಲ್ಲಿ ಜೆಮ್ಮಾ ‘ಅವರು’ ಎಂದು ಬರೆದಿದ್ದಳು. ಅದನ್ನು ‘ಅವನು’ ಎಂದು ಮಾಡಿದವಳು ನಾನು. ಅದು ನನ್ನ ತಪ್ಪು. ಯಾರೋ ಬೀಗ ಹಾಕದೆ ಹೋಗಿದ್ದಾರೆ. ಅವರು ಯಾರೆಂದು ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ.”

ಆಮೇಲೆ ಡೋರೀನ್ ಬರೆದಳು: “ಅಂದ್ರೆ ಒಂದು ವಾರ ನಮ್ಮನ್ನ ಕುಣಿಸಿದ್ದು ನಿನ್ನ ಪೆನ್ಸಿಲ್ಲು.”

“ನಾಚಿಕೆ ಆಗಬೇಕು,” ಎಂದು ಇನ್ನೊಬ್ಬಳು.

“ಬೀನ್ಸ್ ಕೋಲು ಮುರಿದದ್ದೂ ಅವ್ರಿಲ್ಲೇನಾ?” ಎಂದು ಜೆಮ್ಮಾ ಕೇಳಿದಳು.

ಶನಿವಾರ ಸಂಘದ ಗುಡಿಸಲಿನಲ್ಲಿ ಸಮಿತಿ ಸೇರಿತು, ಮೇಲ್ಸಾಲಿನವರೂ ಬಂದರು. ಒಂದಷ್ಟು ಕುರ್ಚಿ, ಒಂದು ಚಹಾ ಕೆಟಲು. ಕ್ಲೈವ್ ಬಾಗಿಲಲ್ಲೇ ನಿಂತಿದ್ದ. ಡೋರೀನ್ ಅರ್ಜಿಯನ್ನು ವಾಪಸು ತೆಗೆದುಕೊಂಡಳು, ಅದೂ ಕೈಚೀಲದಲ್ಲಿ ಏನೋ ಹುಡುಕುತ್ತ, ಅವನ ಕಡೆ ನೋಡದೆ. ಭಾನುವಾರ ಸಂಜೆ ಕೊನೆಗೆ ಹೋದವರು ಯಾರೆಂದು ಜೆಮ್ಮಾ ಕೇಳಿದಾಗ ಬೀಗದ ಕೈ ಇದ್ದ ಆರೂ ಹೆಂಗಸರು ಬೇರೆ ಬೇರೆ ಕಡೆ ನೋಡಿದರು.

“ಸರಿ ಹಾಗಾದ್ರೆ,” ಎಂದಳು ಡೋರೀನ್. “ಕ್ಲೈವ್, ನೀನು ನಿನ್ನ ಕೆಲಸ ನೋಡ್ಕೊ. ಮುಗೀತು.”

“ಮುಗೀತಾ?” ಎಂದ ಕ್ಲೈವ್. ಬೆಲ್ಟಿನಿಂದ ಬೀಗದ ಕೈ ಬಿಚ್ಚಿ ಕೆಟಲಿನ ಪಕ್ಕ ಇಟ್ಟ. “ನಿಮ್ಮಲ್ಲಿ ಒಬ್ಬರು ಬೀಗ ಬಿಟ್ಟು ಹೋದ್ರು, ಒಬ್ಬರು ಕೋಲು ಮುರಿದ್ರು. ಎರಡೂ ಒಬ್ಬರೇ ಇರಬಹುದು. ಯಾರೂಂತ ಗೊತ್ತಿಲ್ದೆ ದಿನಾ ನಿಮ್ಮೆಲ್ಲರ ಮುಖಾನೂ ನೋಡೋಕೆ ನನ್ನಿಂದ ಆಗಲ್ಲ.”

ಯಾರೂ ತಡೆಯಲಿಲ್ಲ. ಅವನು ದಾರಿಯಲ್ಲಿ ಇಳಿದು ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಲೀಕ್ ಇನ್ನೂ ಪೆನ್ಸಿಲಿನಷ್ಟೇ ದಪ್ಪವಿತ್ತು. ಅದನ್ನು ಕೀಳಲೂ ಅವನು ನಿಲ್ಲಲಿಲ್ಲ.

ಅವ್ರಿಲ್ ರಾಜೀನಾಮೆ ಬರೆದು ತಂದಿದ್ದಳು. ಡೋರೀನ್ ಅದನ್ನು ಬಿಡಿಸದೆ ಹಿಂದಕ್ಕೆ ತಳ್ಳಿದಳು. “ಇದನ್ನ ನೀನೇ ಇಟ್ಕೊ. ಈ ವಹಿ ಬರೆಯೋ ಕೆಲಸ ಇಲ್ಲಿ ಬೇರೆ ಯಾರಿಗೂ ಬೇಡ. ಖಾಲಿ ತುಂಡಿನ ಪ್ರಕಟಣೆ ಹಾಕು. ಕಾಯ್ತಿರೋರ ಪಟ್ಟಿ ಇದೆಯಲ್ಲ.”

ಎಲ್ಲರೂ ಎದ್ದು ಹೋದರು. ಚಹಾ ಲೋಟಗಳನ್ನು ಯಾರೂ ತೊಳೆಯಲಿಲ್ಲ. ಅವ್ರಿಲ್ ಒಬ್ಬಳೇ ಕೂತು, ಆ ಬೀಗದ ಕೈಯನ್ನು ಎದುರಿಗಿಟ್ಟುಕೊಂಡು, ಇನ್ನೂ ಮುಖ ಕಾಣದ ಒಂದು ಮನುಷ್ಯ ಜೀವಕ್ಕೆ ಬರೆದಳು:

“ಮೇಲ್ಸಾಲಿನಲ್ಲಿ ಒಂದು ತುಂಡು ಖಾಲಿ ಇದೆ. ಯಾರು ತೆಗೆದುಕೊಂಡರೂ ಅವರು ಅಲ್ಲಿರುವ ಲೀಕ್ ಗಿಡಗಳಿಗೆ ತಮ್ಮ ಮೊದಲ ದಿನದಿಂದಲೇ ನೀರು ಹಾಕಬೇಕು. ಅವನ್ನು ಬೆಳೆಸಿದವರು ಕ್ಲೈವ್ ಬ್ಯಾರಕ್ಲಫ್.”