ಜಾನಕೀಬಾಯಿಯ ಸ್ವೆಟರಿಗೆ ಏಳು ತೂತು

ಶಿವಕಾಂತಮ್ಮನಿಗೆ ಸುಮ್ಮನೆ ಕೂಡುವುದು ಹುಟ್ಟಿನಿಂದಲೇ ಗೊತ್ತಿರಲಿಲ್ಲ. ಕಮಲಾಪುರದಿಂದ ಕಲಬುರಗಿಗೆ ಬರುವ ಏಳು ಗಂಟೆಯ ಬಸ್ಸಿನಲ್ಲಿ ಸೀಟು ಸಿಕ್ಕರೂ ಅವಳ ಬೆರಳು ಸೆರಗಿನ ತುದಿಯನ್ನು ಹಿಂಡುತ್ತಲೇ ಇರುತ್ತಿದ್ದವು. ಅಂಥ ಕೈಗೆ ಹಿಂಡಲೇಬಾರದ ಬಟ್ಟೆ ತೊಳೆಯುವ ಕೆಲಸ ಗಂಟುಬಿದ್ದಿತ್ತು.

ಕೆಲಸ ಕಲಿಸಿದವಳು ಸ್ಟೇಶನ್ ಬಜಾರದಲ್ಲಿ ಪ್ರತಿ ಚಳಿಗಾಲ ಸ್ವೆಟರ್ ಹರವಿಕೊಂಡು ಕೂಡುತ್ತಿದ್ದ ಟಿಬೆಟಿನ ಮುದುಕಿ. ಶಿವಕಾಂತಮ್ಮ ಅವಳಿಗೆ ನೀರು ತಂದುಕೊಡುತ್ತಿದ್ದಳು. ಮುದುಕಿಗೆ ಕನ್ನಡ ಬಾರದು, ಇವಳಿಗೆ ಅವಳ ಭಾಷೆ ಬಾರದು. ತಪ್ಪು ಮಾಡಿದಾಗ ಮಣಿಕಟ್ಟಿನ ಮೇಲೆ ಬೀಳುವ ಏಟು ಮಾತ್ರ ಇಬ್ಬರಿಗೂ ತಿಳಿಯುತ್ತಿತ್ತು. ರೀಠಾ, ಅಂದರೆ ಅಂಟವಾಳದ ಕಾಯಿ ನೆನೆಸಿ ಸೋಸಿದ ನೊರೆನೀರು, ಅದೂ ತಣ್ಣಗಿರಬೇಕು. ಸ್ವೆಟರನ್ನು ಒಳಮೈ ಹೊರಗೆ ಮಾಡಿ ಅದರಲ್ಲಿ ಮುಳುಗಿಸಿ ಅಂಗೈಯಿಂದ ಒತ್ತಬೇಕು, ಉಜ್ಜಬಾರದು. ಜಾಲಿಸುವ ನೀರೂ ಅಷ್ಟೇ ತಣ್ಣಗೆ. ಎತ್ತುವಾಗ ಕೂಸನ್ನು ಎತ್ತಿದಂತೆ ಕೆಳಗಿನಿಂದ ಎರಡೂ ಕೈಕೊಟ್ಟು ಎತ್ತಬೇಕು. ತೋಳು ಹಿಡಿದು ಎಳೆದರೆ ತೋಳು ಮೊಣಕಾಲಿಗೆ ಬರುತ್ತದೆ. ಆಮೇಲೆ ಹಳೆ ಧೋತರದಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಹೊರಸಿನ ಮೇಲೆ ಚಾಚಿ ಒಣಗಿಸಬೇಕು. ಉಣ್ಣೆಯ ಮೇಲೆ ಎದ್ದ ಸಣ್ಣ ಸಣ್ಣ ಉಂಡೆಗಳನ್ನು ಉಗುರಿನಿಂದ ಕೀಳಬಾರದು, ಕಿತ್ತರೆ ನೂಲೇ ಬಂದೀತು. ಸಣ್ಣ ಕತ್ತರಿಯಿಂದ ಮೇಲುಮೇಲೆ ಸವರಬೇಕು.

ಇಷ್ಟು ಬಲ್ಲವಳು ಕಲಬುರಗಿಯಲ್ಲಿ ಇನ್ನೊಬ್ಬಳಿರಲಿಲ್ಲ. ಶಿವರಾತ್ರಿ ಮುಗಿದರೆ ಬ್ರಹ್ಮಪುರದ ಎಂಟು ಮನೆಯ ಸ್ವೆಟರು, ಶಾಲು ಅವಳವೇ. ಅದರಲ್ಲೊಂದು ಸೋಜಿಗವಿತ್ತು. ಆ ಮನೆಗಳಲ್ಲಿ ಹತ್ತಿಯ ಬಟ್ಟೆ ಅವಳು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮಡಿ ಕೆಟ್ಟಿತು. ಆದರೆ ಉಣ್ಣೆಗೆ ಮೈಲಿಗೆ ಇಲ್ಲವೆಂದು ಅವರ ಹಿರಿಯರೇ ಹೇಳಿಬಿಟ್ಟಿದ್ದರು. ಹೀಗಾಗಿ ಸ್ವೆಟರು ಇವಳ ಕೈ ದಾಟಿ ಹೋದರೂ ಮಡಿಯೇ. ಹಿತ್ತಲ ಬಾಗಿಲಲ್ಲಿ ನಿಂತು ಕಲ್ಲಿನ ಮೇಲೆ ಎಸೆಯುವರು, ಇವಳು ಎತ್ತಿಕೊಳ್ಳುವಳು. ಶಿವಕಾಂತಮ್ಮನಿಗೆ ಇದು ನಗೆಯೂ ತರಿಸುತ್ತಿತ್ತು, ಸಿಟ್ಟೂ ತರಿಸುತ್ತಿತ್ತು. ಆದರೂ ಹೊಟ್ಟೆ ನಡೆಯುವುದು ಆ ಮಾತಿನ ಮೇಲೆಯೇ.

ತೊಂಬತ್ತನಾಲ್ಕರ ಮೇ ತಿಂಗಳು, ಊರು ಕಾದ ಹೆಂಚಾಗಿತ್ತು. ಆ ಎಂಟು ಮನೆಗಳಲ್ಲೊಂದರ ಜಾನಕೀಬಾಯಿ ಬದರಿ ಯಾತ್ರೆಗೆ ಹೊರಡಲು ಐದೇ ದಿನ ಉಳಿದಿತ್ತು. ಸ್ವೆಟರಿಗೆಂದು ಟ್ರಂಕು ತೆರೆದವರು ಪಕ್ಕದ ಮನೆಯ ಶಾಲಿಗೆಂದು ಬಂದಿದ್ದ ಶಿವಕಾಂತಮ್ಮನನ್ನು ತಮ್ಮ ಹಿತ್ತಲಿಗೆ ಓಣಿಗೆಲ್ಲ ಕೇಳುವಂತೆ ಕೂಗಿದರು.

"ನೋಡು ನಿನ್ನ ಕೈಗುಣ! ಒಂದಲ್ಲ ಎರಡಲ್ಲ, ಏಳು ತೂತು. ಹ್ವಾದ ವರ್ಷ ನೀ ತೊಳದದ್ದು. ಈ ವರ್ಷ ನಿನಗ ಕೊಟ್ಟೇ ಇಲ್ಲ. ನಿನ್ನ ರೀಠಾ ನೀರಿಗೇ ನೂಲು ಕೊಳತದ!"

ಕಲ್ಲಿನ ಮೇಲೆ ಬಿದ್ದ ಮೆರೂನ್ ಸ್ವೆಟರನ್ನು ಶಿವಕಾಂತಮ್ಮ ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ನಾಲ್ಕು ತೂತು ಎದೆಯ ಮೇಲೆ, ಎರಡು ಬಲಗೈ ಮುಂಗೈಯಲ್ಲಿ, ಒಂದು ಕಂಕುಳಲ್ಲಿ. ತೂತಿನ ಅಂಚಿಗೆ ಬಿಳಿ ಎಳೆ, ಉಸುಕಿನಂಥ ಹಿಕ್ಕೆ. ಮೂಗಿಗೆ ಹಿಡಿದಳು. ತುಪ್ಪ.

ಎಲ್ಲ ತಿಳಿಯಿತು. ಧನುರ್ಮಾಸದಲ್ಲಿ ಜಾನಕೀಬಾಯಿ ನಸುಕಿನ ಪೂಜೆಗೆ ಇದನ್ನೇ ತೊಟ್ಟು, ಬಿಸಿ ಹುಗ್ಗಿ ಉಂಡಿದ್ದಾರೆ. ಮಡಿಯಲ್ಲಿ ತೊಟ್ಟದ್ದು, ಉಣ್ಣೆ ಬೇರೆ, ತೊಳೆಯುವುದು ಯಾಕೆಂದು ಹಾಗೇ ಮಡಚಿ ಇಟ್ಟಿದ್ದಾರೆ. ತುಪ್ಪ ಬಿದ್ದಲ್ಲಿ, ಬೆವರು ಹಿಡಿದಲ್ಲಿ ನುಸಿಯ ಮರಿಹುಳ ಕೂತು ಉಂಡಿದೆ. ಮೇಲೆ ಹಾರುವ ನುಸಿಗೆ ತಿನ್ನುವ ಬಾಯಿಲ್ಲ, ತಿನ್ನುವುದು ಅದರ ಮರಿ. ಟ್ರಂಕಿನಲ್ಲಿ ಹಾಕಿದ ಬೇವಿನೆಲೆ ಒಣಗಿ ವರ್ಷವಾಗಿತ್ತು, ಆ ಹುಳ ಅದಕ್ಕೆ ಹೆದರುತ್ತದೆಯೇ!

ಆದರೆ ಹೇಳುವುದು ಹೇಗೆ? ತೊಟ್ಟ ಉಣ್ಣೆ ಕೊಳೆಯಾಗುತ್ತದೆ ಎಂದರೆ, ಹಾಗಾದರೆ ಉಣ್ಣೆಗೂ ಮೈಲಿಗೆ ಇದೆ ಅಂದಂತಾಯಿತು. ಮೈಲಿಗೆ ಇದ್ದರೆ ಇವಳ ಕೈ ಯಾಕೆ? ಎಂಟೂ ಮನೆ ಬಾಗಿಲು ಮುಚ್ಚಿದವು. ಹೇಳದಿದ್ದರೆ ಕೊಳೆಸಿದವಳೆಂಬ ಹೆಸರು, ಆಗಲೂ ಬಾಗಿಲು ಮುಚ್ಚಿದವು. ಅತ್ತ ದರಿ, ಇತ್ತ ಪುಲಿ. "ನಾಳಿಗಿ ಬರ್ತೇನ್ರಿ" ಎಂದಷ್ಟೇ ಹೇಳಿ ಹೊರಟಳು. ಪಕ್ಕದ ಮನೆಯ ಪಾರ್ವತೀಬಾಯಿ ಗೋಡೆಯಾಚೆಯಿಂದಲೇ, "ಶಿವಕಾಂತಾ, ನನ್ನ ಶಾಲು ಹಂಗೇ ಇಟ್ಟು ಹೋಗು, ತೊಳಿಯೂದು ಬ್ಯಾಡ" ಎಂದರು.

ಊರಿಗೆ ಹೋಗುವ ಬಸ್ಸಿನಲ್ಲಿ ಸೆರಗಿನ ತುದಿ ಹರಿಯುವುದೊಂದು ಬಾಕಿ. ಬಾಳೆಗೊನೆ ಹೇರುವ ಗಂಡ ಮಾಪಣ್ಣ ಸಂಜೆ ಎಲ್ಲ ಕೇಳಿ, "ತಪ್ಪು ನಂದೇ ಅಂತ ಅಂದುಬಿಡು, ಹ್ವಾದ್ರ ಒಂದು ಮನಿ ಹೋತದ" ಅಂದ. ಅವಳಿಗೆ ಮೈಯೆಲ್ಲ ಉರಿಯಿತು.

"ನನ್ನ ಕೈಯಾಗ ಒಂದು ನೂಲು ಕೆಟ್ಟಿಲ್ಲ. ಅದೊಂದು ಮಾತರ ನಾ ಅನ್ನಂಗಿಲ್ಲ."

ಮರುದಿನ ಹಿತ್ತಲಲ್ಲಿ ನಿಂತು, ಸ್ವೆಟರನ್ನು ಕಲ್ಲಿನ ಮೇಲೆ ಹರವಿ ಕೇಳಿದಳು. "ಬಾಯಾರ, ಧನುರ್ಮಾಸದಾಗ ಹುಗ್ಗಿ ಉಣ್ಣೂ ಮುಂದ ಇದೇ ತೊಟ್ಟಿದ್ರೇನ್ರಿ?"

"ತೊಟ್ಟಿದ್ದೆ. ದೇವರ ಮುಂದ ತೊಟ್ಟದ್ದು. ಅದಕ್ಕೇನು ಮೈಲಿಗಿ?"

"ಮೈಲಿಗಿ ಇಲ್ಲೇ ಇಲ್ರಿ. ಉಣ್ಣಿ ಮಡೀನೇ. ಆದ್ರ ಹುಳಕ್ಕ ಮಡಿ ತಿಳಿಯಂಗಿಲ್ಲ, ಅದಕ್ಕ ತುಪ್ಪ ತಿಳಿತದ. ನೀರಿಗೆ ಕೊಳತಿದ್ರ ಸ್ವೆಟರೆಲ್ಲ ಕೊಳೀಬೇಕಾಗಿತ್ತು. ತೂತು ಎಲ್ಲಿ ಬಿದ್ದಾವ, ಮೂಸಿ ನೋಡ್ರಿ. ಒಳಗಿನ ಶಾಲಿಗೂ ಹತ್ತಿರ್ತಾವ, ಲಗೂನ ಟ್ರಂಕ ಬಿಸಿಲಿಗಿ ತೆಗೀರಿ."

ಜಾನಕೀಬಾಯಿ ಮೂಸಿದರು. ಮುಖ ಬಿಗಿಯಿತು. ಒಳಗೆ ಹೋಗಿ ಟ್ರಂಕನ್ನು ಎಳೆದರು. ಅದು ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಮಗ ವಿಠ್ಠಲ ಆಫೀಸಿಗೆ ಹೋಗಿದ್ದ. ಒಂದು ಗಳಿಗೆ ನಿಂತು, "ಹಿಡಿ ಆ ಕಡೆ" ಅಂದರು.

ಶಿವಕಾಂತಮ್ಮ ಹೊಸ್ತಿಲ ಮೇಲೆ ಕಾಲಿಟ್ಟು ಆ ಕಡೆಯ ಹಿಡಿಕೆ ಹಿಡಿದಳು. ಶಾಲುಗಳನ್ನು ಕೊಡವಿ ಬಿಸಿಲಿಗೆ ಹರವಿದಾಗ ಬೆಳಕಿಗೆ ಹೆದರಿ ಅಕ್ಕಿಹುಳದಂಥ ಬಿಳಿ ಮರಿಗಳು ಉದುರಿದವು. "ಅಯ್ಯೋ ರಾಮ" ಎಂದು ಜಾನಕೀಬಾಯಿ ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ ಗೋಡೆಯ ಕಡೆ ತಿರುಗಿ, "ಪಾರ್ವತೀಬಾಯಿ, ತಪ್ಪು ನಂದದ. ಶಾಲು ಅಕಿಗೇ ಕೊಡ್ರಿ" ಎಂದು ನಿನ್ನೆಯಷ್ಟೇ ಗಟ್ಟಿಯಾಗಿ ಕೂಗಿದರು.

ಅಷ್ಟಾದ ಮೇಲೆ, ಮೈಲಿಗೆಯಾಯಿತೆಂದು, ಒಳಗೆ ಹೋಗಿ ಸ್ನಾನ ಮಾಡಿದರು. ಟ್ರಂಕಿನ ಮೂಲೆ ಗುಡಿಸುತ್ತಿದ್ದ ಶಿವಕಾಂತಮ್ಮನಿಗೆ ಚೊಂಬು ಚೊಂಬಾಗಿ ಸುರಿಯುವ ಸಪ್ಪಳ ಕೇಳಿತು. ಹೆಸರು ಉಳಿಯಿತೆಂದು ಸಂತೋಷಪಡಬೇಕೆಂದರೆ ಕಣ್ಣು ತುಂಬಿಬಂತು. ಸ್ವೆಟರು ತೊಳೆದು ಕೊಟ್ಟಳು. ತೂತುಗಳನ್ನು ಜಾನಕೀಬಾಯಿ ಹಿಂದೆ ಹೆಣೆದಾಗ ಉಳಿದಿದ್ದ ನೂಲಿನಿಂದ ತಾವೇ ಹೆಣೆದು ಮುಚ್ಚಿದರು.

ಯಾತ್ರೆಯಿಂದ ಬಂದ ಮೂರನೆಯ ದಿನವೇ ಅವರ ಕರೆ ಬಂತು. ಶಿವಕಾಂತಮ್ಮ ರೂಢಿಯಂತೆ ಕಲ್ಲಿನ ಹತ್ತಿರ ಹೋಗಿ ನಿಂತಳು. ಜಾನಕೀಬಾಯಿ ಸ್ವೆಟರು ಎಸೆಯಲಿಲ್ಲ. ಮೆಟ್ಟಿಲಿಳಿದು ಬಂದು ಅವಳ ಎರಡೂ ಅಂಗೈ ಮೇಲೆ ಇಟ್ಟರು. ಅವರ ಬೆರಳು ಇವಳ ಬೆರಳಿಗೆ ತಾಗಿತು.

"ತೊಳದು ಒಣಗಿದ ಮ್ಯಾಲೆ ನೀನೇ ಧೋತರದಾಗ ಸುತ್ತಿ ಕಟ್ಟು. ಡಾಂಬರ ಗುಳಿಗಿ ಹೆಂಗ ಇಡಬೇಕು ಹೇಳು."

"ಅರಿವ್ಯಾಗ ಕಟ್ಟಿ ಗಂಟಿನ ಮ್ಯಾಲೆ ಇಡ್ರಿ, ಉಣ್ಣಿಗಿ ತಾಗಬಾರದು. ಅದರ ವಾಸನಿ ಕೆಳಗ ಇಳಿತದ. ಮುಚ್ಚಳ ಬಿಗಿ ಇರಬೇಕು."

ಜಾನಕೀಬಾಯಿ ತಲೆಯಾಡಿಸಿ ಒಳಗೆ ಹೋದರು. ಶಿವಕಾಂತಮ್ಮ ಸ್ವೆಟರನ್ನು ನೊರೆನೀರಿಗಿಟ್ಟು ಒತ್ತತೊಡಗಿದಳು. ಕೈ ಕೆಲಸದಲ್ಲಿತ್ತು, ಕಿವಿ ಬಚ್ಚಲಮನೆಯ ಕಡೆ. ಒಂದು ಸಲ ಜಾಲಿಸಿದಳು, ಎರಡು ಸಲ ಜಾಲಿಸಿದಳು. ಧೋತರದಲ್ಲಿ ಸುತ್ತಿ, ಹೊರಸಿನ ಮೇಲೆ ಚಾಚಿ, ತೋಳು ಸರಿಮಾಡಿದಳು. ಒಳಗೆ ನೀರಿನ ಸಪ್ಪಳವಾಗಲೇ ಇಲ್ಲ.