ರಸೀದಿಯ ಅಳತೆ

ಮುಂಬಯಿ ಕಾಂದಿವಲಿಯ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗೆರೆ ಹಾಕಿದ ಗಿಡ್ಡ ರಸೀದಿಗಳು ಒಂದೇ ಉದ್ದ ಕಾಗದದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಬರುತ್ತಿದ್ದವು; ಪ್ರಿಂಟರ್ ಹಿಡಿದೆಳೆಯಲು ಎರಡೂ ಅಂಚಿಗೆ ತೂತುಪಟ್ಟಿ. ಅವನ್ನು ಪ್ರಿಂಟ್ ಮಾಡುತ್ತಿದ್ದವರು ವಿಜಯಪುರದ ಅಕ್ಕ. ಮೊದಲನೆಯದು ಸರಿ ಬಂದರೂ ಎರಡನೆಯದರಿಂದ ಅಕ್ಷರ ಗೆರೆ ತಪ್ಪುತ್ತಿತ್ತು. ಪ್ರತಿ ಸಲ ಅವರು ಕೈಯಿಂದಲೇ ಕಾಗದ ಸರಿಸುತ್ತಿದ್ದರು.

"ಮುದುಕಿ, ಕಣ್ಣು ಕಾಣಂಗಿಲ್ಲೇನು?" ಎಂದು ಬೈದು ಧಾರವಾಡದ ಮ್ಯಾನೇಜರ್ ಅವರನ್ನು ಕೆಲಸದಿಂದ ತೆಗೆದ. ಆ ಕುರ್ಚಿಗೆ ನಾನು ಬಂದೆ.

ನೋಡಿದರೆ, ಪ್ರಿಂಟರ್‌ಗೆ ಇದು ಉದ್ದನೆಯ ಎ-ಫೋರ್ ಹಾಳೆಯೆಂದು ಹೇಳಿಟ್ಟವನು ಆ ಕತ್ತೆ ಮ್ಯಾನೇಜರೇ! ಸ್ಕೇಲ್ ಹಿಡಿದು ಅಂಚಿನ ತೂತುಪಟ್ಟಿ ಸೇರಿಸಿ ಅಗಲ ಅಳೆದೆ, ರಸೀದಿ ಹರಿದುಕೊಳ್ಳುವ ಒಂದು ಗುರುತಿನಿಂದ ಮುಂದಿನ ಗುರುತಿಗೆ ಉದ್ದ ಅಳೆದೆ. ಕಂಪ್ಯೂಟರಿನಲ್ಲಿ ಅದೇ ಅಳತೆಯ ಹೊಸ ಪೇಪರ್ ಸೈಜ್ ಮಾಡಿ ಆರಿಸಿದೆ. ಎಲ್ಲ ರಸೀದಿಯಲ್ಲೂ ಅಕ್ಷರಗಳು ಗೆರೆಯ ಮೇಲೇ ಕೂತವು.

"ತಪ್ಪು ಅಕ್ಕಂದಲ್ಲ ಸರ್, ಸೈಜಿಂದು. ಅವರನ್ನ ವಾಪಸ್ ಕರೀರಿ," ಅಂದೆ.

ಮ್ಯಾನೇಜರ್ ನಕ್ಕ. "ಈಗ ಕಾಗದ ತಾನ ಸರೀತದ, ಆಕಿ ಯಾಕ ಬೇಕು? ನೀ ಸೈತ ಯಾಕ ಬೇಕಂತ ವಿಚಾರ ಮಾಡ್ಲಿಕ್ಹತ್ತೀನಿ."